ರಿವ್ಯೂವರ್‌ಗೆ ‘ಇಲ್ಲ’ ಎನ್ನುವುದು ಹೇಗೆ?

1936ರ ಬೇಸಿಗೆಯಲ್ಲಿ ಆಲ್ಬರ್ಟ್ ಐನ್‌ಸ್ಟೈನ್ ಮತ್ತು ಅವರ ಸಹಾಯಕ ನೇಥನ್ ರೋಸೆನ್ ಅಮೆರಿಕದ ‘ಫಿಸಿಕಲ್ ರಿವ್ಯೂ’ ಪತ್ರಿಕೆಗೆ ಒಂದು ಪ್ರಬಂಧ ಕಳುಹಿಸಿದರು. ಗುರುತ್ವದ ಅಲೆಗಳು ಇಲ್ಲವೇ ಇಲ್ಲ ಎಂಬುದು ಅದರ ವಾದ. ಸಂಪಾದಕ ಜಾನ್ ಟೇಟ್ ಅದನ್ನು ತಜ್ಞರೊಬ್ಬರಿಗೆ ತೋರಿಸಿದರು. ಆ ತಜ್ಞರು ಹತ್ತು ಪುಟಗಳಷ್ಟು ಟಿಪ್ಪಣಿ ಬರೆದು, ಲೆಕ್ಕದಲ್ಲಿ ಎಲ್ಲಿ ಎಡವಿದ್ದೀರಿ ಎಂದು ತೋರಿಸಿಕೊಟ್ಟರು. ಐನ್‌ಸ್ಟೈನ್‌ಗೆ ಸಿಟ್ಟು ಬಂತು. ಅಚ್ಚಾಗುವ ಮೊದಲು ಬೇರೆಯವರಿಗೆ ತೋರಿಸಲು ನಾವು ಅನುಮತಿ ಕೊಟ್ಟಿರಲಿಲ್ಲ, ಆ ಅನಾಮಿಕರ ಟಿಪ್ಪಣಿಗೆ ಉತ್ತರಿಸುವ ಅಗತ್ಯ ಕಾಣುತ್ತಿಲ್ಲ, ಹೇಗೂ ಅದು ತಪ್ಪು ಎಂಬರ್ಥದಲ್ಲಿ ಬರೆದು ಪ್ರಬಂಧವನ್ನೇ ಹಿಂದಕ್ಕೆ ಪಡೆದರು. ಮರುವರ್ಷ ಅದು ‘ಜರ್ನಲ್ ಆಫ್ ದಿ ಫ್ರಾಂಕ್ಲಿನ್ ಇನ್‌ಸ್ಟಿಟ್ಯೂಟ್’ನಲ್ಲಿ ಪ್ರಕಟವಾಗುವ ಹೊತ್ತಿಗೆ ಅದರ ತೀರ್ಮಾನವೇ ಬದಲಾಗಿತ್ತು. ಆ ಅನಾಮಿಕ ತಜ್ಞ ಹೋವರ್ಡ್ ಪರ್ಸಿ ರಾಬರ್ಟ್‌ಸನ್ ಎಂಬುದು ಪತ್ರಿಕೆಯ ಹಳೆಯ ದಾಖಲೆಗಳಿಂದ ಖಚಿತವಾದದ್ದು ಈ ಶತಮಾನದಲ್ಲಿ. ಲೆಕ್ಕದ ವಿಷಯದಲ್ಲಿ ಅವರ ಮಾತೇ ಸರಿಯಾಗಿತ್ತು.

ಈಗ ಹಾಗೆ ಬರೆಯುವ ಸ್ವಾತಂತ್ರ್ಯ ಯಾರಿಗೂ ಇಲ್ಲ. ಪ್ರಬಂಧ ಕಳುಹಿಸಿದರೆ ಸಾಮಾನ್ಯವಾಗಿ ಇಬ್ಬರೋ ಮೂವರೋ ರಿವ್ಯೂವರ್‌ಗಳು ಓದುತ್ತಾರೆ. ಅವರ ಟಿಪ್ಪಣಿಗಳನ್ನು ಸಂಪಾದಕರು ಲೇಖಕರಿಗೆ ರವಾನಿಸಿ, ತಿದ್ದಿ ಕಳುಹಿಸಿ ಎನ್ನುತ್ತಾರೆ. ತಿದ್ದಿದ ಪ್ರಬಂಧದ ಜೊತೆಗೆ ಇನ್ನೊಂದು ಕಡತವೂ ಹೋಗಬೇಕು. ಪ್ರತಿ ಟಿಪ್ಪಣಿಗೂ ಒಂದೊಂದಾಗಿ ಉತ್ತರ ಕೊಡುವ ಪತ್ರ ಅದು. ಎಷ್ಟೋ ಸಲ ಪ್ರಬಂಧದ ಹಣೆಬರಹ ತೀರ್ಮಾನವಾಗುವುದು ಈ ಪತ್ರದ ಮೇಲೆಯೇ. ಆದರೂ ಬಹುಪಾಲು ಸಂಶೋಧನಾ ವಿದ್ಯಾರ್ಥಿಗಳು ಇದನ್ನು ಯಾವ ತರಗತಿಯಲ್ಲೂ ಕಲಿತಿರುವುದಿಲ್ಲ.

ಈ ಪತ್ರ ಹೇಗಿರುತ್ತದೆ ಎಂಬುದನ್ನು ಒಂದು ಉದಾಹರಣೆಯ ಮೂಲಕ ನೋಡೋಣ. ಇದು ನಡೆದ ಅಧ್ಯಯನವಲ್ಲ, ವಿವರಣೆಗಾಗಿ ಕಟ್ಟಿಕೊಂಡದ್ದು. ಅಂಕಿಗಳು ಮಾತ್ರ ಒಂದಕ್ಕೊಂದು ಹೊಂದುವಂತಿವೆ.

ರಾಗಿ, ನೆಲ್ಲಿಕಾಯಿ ಮತ್ತು ಐದು ಟಿಪ್ಪಣಿಗಳು

ವಸತಿ ಶಾಲೆಯೊಂದರಲ್ಲಿ ಹದಿಹರೆಯದ 132 ಹುಡುಗಿಯರು. ಚೀಟಿ ಎತ್ತಿ ಅವರನ್ನು 66ರಂತೆ ಎರಡು ಗುಂಪು ಮಾಡಲಾಗಿದೆ. ಒಂದು ಗುಂಪಿಗೆ ಮೂರು ತಿಂಗಳು ದಿನವೂ ರಾಗಿ ಹುರಿಹಿಟ್ಟು ಮತ್ತು ನೆಲ್ಲಿಪುಡಿಯ ಮಿಶ್ರಣ, ಇನ್ನೊಂದಕ್ಕೆ ಎಂದಿನ ತಿಂಡಿ. ರಕ್ತದ ಹಿಮೋಗ್ಲೋಬಿನ್ ಹೆಚ್ಚುತ್ತದೆಯೇ ಎಂಬುದು ಪ್ರಶ್ನೆ. ರಾಗಿಯಲ್ಲಿ ಕಬ್ಬಿಣಾಂಶವಿದ್ದರೂ ಅದರಲ್ಲೇ ಇರುವ ಫೈಟೇಟ್ ಅದನ್ನು ದೇಹ ಹೀರಿಕೊಳ್ಳದಂತೆ ತಡೆಯುತ್ತದೆ. ನೆಲ್ಲಿಯ ವಿಟಮಿನ್ ಸಿ ಆ ತಡೆಯನ್ನು ಸಡಿಲಿಸಬಹುದು ಎಂಬುದು ಲೇಖಕರ ಊಹೆ.

ಕೊನೆಯ ರಕ್ತಪರೀಕ್ಷೆಗೆ ಸಿಕ್ಕವರು 120 ಮಂದಿ. ಮಿಶ್ರಣ ತಿಂದವರ ಹಿಮೋಗ್ಲೋಬಿನ್ ಉಳಿದವರಿಗಿಂತ ಸರಾಸರಿ 0.4 ಗ್ರಾಂನಷ್ಟು (ಪ್ರತಿ 100 ಮಿಲಿಲೀಟರ್ ರಕ್ತಕ್ಕೆ) ಹೆಚ್ಚು ಏರಿತ್ತು. ಪಿ ಮೌಲ್ಯ 0.12. ರೂಢಿಯ ಗಡಿ 0.05 ಆದ್ದರಿಂದ ಲೇಖಕರು ‘ಮಿಶ್ರಣದಿಂದ ಪ್ರಯೋಜನವಿಲ್ಲ’ ಎಂದು ಬರೆದು ಮುಗಿಸಿದ್ದಾರೆ.

ಎರಡು ತಿಂಗಳ ನಂತರ ಟಿಪ್ಪಣಿಗಳು ಬಂದಿವೆ. ಮೊದಲ ರಿವ್ಯೂವರ್ ಮೂರು ಮಾತು ಕೇಳಿದ್ದಾರೆ. ಗುಂಪು ಮಾಡಿದ್ದು ಹೇಗೆ, ತಿಳಿಯಲಿಲ್ಲ. ಕೊನೆಗೆ ಸಿಗದ 12 ಮಂದಿ ಎಲ್ಲಿ ಹೋದರು? ಹಿಮೋಗ್ಲೋಬಿನ್ ಮಾತ್ರ ನೋಡಿದ್ದೀರಿ, ದೇಹದ ಕಬ್ಬಿಣದ ದಾಸ್ತಾನು ತೋರಿಸುವ ಫೆರಿಟಿನ್ ಏಕೆ ಅಳೆಯಲಿಲ್ಲ? ಎರಡನೆಯವರದು ಎರಡು ಮಾತು. ಒಂದೇ ಊಟದ ಮನೆಯಲ್ಲಿ ಕೂತು ತಿನ್ನುವ ಮಕ್ಕಳು ಮಿಶ್ರಣವನ್ನು ಹಂಚಿಕೊಂಡಿರಲಾರರೇ? ಮತ್ತು, ಅಧ್ಯಯನ ತುಂಬ ಸಣ್ಣದಿರಬಹುದು, ಬಂದ ಫಲಿತಾಂಶದ ಆಧಾರದಲ್ಲಿ ಅಧ್ಯಯನದ ಪವರ್ ಎಷ್ಟಿತ್ತೆಂದು ಲೆಕ್ಕ ಹಾಕಿ ಸೇರಿಸಿ.

ಈ ಕೊನೆಯ ಮಾತಿಗೆ ಲೇಖಕರು ಇಲ್ಲ ಎನ್ನಬೇಕಾಗುತ್ತದೆ. ಹಾಗೆ ಹೇಳುವ ಬಲ ಬರುವುದು ಅದಕ್ಕೆ ಮುಂಚಿನ ನಾಲ್ಕು ಉತ್ತರಗಳಿಂದ.

ಒಪ್ಪುವ ಉತ್ತರಗಳಲ್ಲೂ ವ್ಯತ್ಯಾಸವಿದೆ

ಪತ್ರದ ರಚನೆ ಸರಳ. ರಿವ್ಯೂವರ್ ಬರೆದದ್ದನ್ನು ಒಂದಕ್ಷರವೂ ಬಿಡದೆ ಹಾಗೆಯೇ ನಕಲಿಸಿ, ಸಂಖ್ಯೆ ಕೊಡುವುದು: 1.1, 1.2, 2.1 ಹೀಗೆ. ಅದರ ಕೆಳಗೆ ಉತ್ತರ. ಅದರ ಕೆಳಗೆ ಪ್ರಬಂಧಕ್ಕೆ ಸೇರಿಸಿದ ಹೊಸ ವಾಕ್ಯಗಳನ್ನು ಉದ್ಧರಣ ಚಿಹ್ನೆಯೊಳಗೆ ಕೊಟ್ಟು, ಯಾವ ಪುಟ, ಯಾವ ಸಾಲು ಎಂದು ತಿಳಿಸುವುದು. ಟಿಪ್ಪಣಿಯನ್ನು ತಮ್ಮ ಮಾತಿನಲ್ಲಿ ಸಂಗ್ರಹಿಸಲು ಹೋದರೆ, ಕಷ್ಟದ ಭಾಗವನ್ನು ನುಂಗಿದ್ದಾರೆಯೇ ಎಂಬ ಅನುಮಾನ ಓದುವವರಿಗೆ ಹುಟ್ಟುತ್ತದೆ. ಒಂದೇ ಪ್ಯಾರಾದಲ್ಲಿ ಮೂರು ಪ್ರಶ್ನೆಗಳಿದ್ದರೆ ಅದನ್ನು ಮೂರಾಗಿ ಒಡೆಯಬೇಕು. ಇಲ್ಲದಿದ್ದರೆ ನಡುವಿನದು ಉತ್ತರವಿಲ್ಲದೆ ಉಳಿದುಬಿಡುತ್ತದೆ, ಎರಡನೇ ಸುತ್ತಿನಲ್ಲಿ ಅದೇ ಮರಳಿ ಬರುತ್ತದೆ.

ಮೊದಲ ಟಿಪ್ಪಣಿಯನ್ನೇ ತೆಗೆದುಕೊಳ್ಳಿ. ಗುಂಪು ಮಾಡಿದ್ದು ಹೇಗೆಂಬುದು ಪ್ರಬಂಧದ ಆರನೇ ಪುಟದಲ್ಲಿದೆ. ‘ಆರನೇ ಪುಟದಲ್ಲಿ ಈಗಾಗಲೇ ಹೇಳಿದ್ದೇವೆ’ ಎಂದು ಬರೆಯಲು ಕೈ ತುರಿಸುತ್ತದೆ. ಆದರೆ ಆ ವಿಷಯದ ತಜ್ಞರಿಗೇ ಅದು ಕಣ್ಣಿಗೆ ಬೀಳದಿದ್ದರೆ ಉಳಿದ ಓದುಗರಿಗೂ ಬೀಳುವುದಿಲ್ಲ. ಆದ್ದರಿಂದ ಉತ್ತರ ಹೀಗಿರುತ್ತದೆ: ‘ಈ ವಿವರ ರಕ್ತಪರೀಕ್ಷೆಯ ಪ್ಯಾರಾದ ನಡುವೆ ಸೇರಿಹೋಗಿತ್ತು. ಈಗ ಅದನ್ನು ಪ್ರತ್ಯೇಕ ಉಪಶೀರ್ಷಿಕೆಯ ಕೆಳಗೆ ತಂದಿದ್ದೇವೆ. ಚೀಟಿಗಳನ್ನು ಸಿದ್ಧಪಡಿಸಿದವರು ಯಾರು, ರಕ್ತಪರೀಕ್ಷೆ ಮಾಡಿದವರಿಗೆ ಗುಂಪು ಗೊತ್ತಿತ್ತೇ ಎಂಬುದನ್ನೂ ಸೇರಿಸಿದ್ದೇವೆ.’

ಎರಡನೆಯದರಲ್ಲಿ ನಿಜವಾದ ಕೆಲಸವಿದೆ. ಮಿಶ್ರಣದ ಗುಂಪಿನಿಂದ 5, ಇನ್ನೊಂದರಿಂದ 7 ಮಂದಿ ನಡುವೆ ಬಿಟ್ಟಿದ್ದಾರೆ. ಮಿಶ್ರಣ ತಿಂದು ಹೊಟ್ಟೆ ಕೆಟ್ಟು ಬಿಟ್ಟವರಿದ್ದರೆ, ಉಳಿದವರನ್ನಷ್ಟೇ ಎಣಿಸುವುದರಿಂದ ಫಲಿತಾಂಶ ಒಂದು ಕಡೆ ವಾಲುತ್ತದೆ. ರಿವ್ಯೂವರ್ ಕೇಳುತ್ತಿರುವುದು ಅದನ್ನೇ. ಇಂಥ ಪ್ರಯೋಗಗಳಿಗೆ ‘ಕಾನ್ಸಾರ್ಟ್’ ಎಂಬ ವರದಿ ನಿಯಮಾವಳಿ ಇದೆ. ಎಷ್ಟು ಮಂದಿ ಸೇರಿದರು, ಯಾರು ಯಾವ ಹಂತದಲ್ಲಿ ಏಕೆ ಹೊರಬಿದ್ದರು ಎಂಬುದನ್ನು ಚಿತ್ರವಾಗಿ ತೋರಿಸಬೇಕು ಎನ್ನುತ್ತದೆ ಅದು. ಲೇಖಕರು ಆ ಚಿತ್ರ ಸೇರಿಸುತ್ತಾರೆ. ಜೊತೆಗೆ, ಸಿಗದವರ ಅಳತೆಗಳನ್ನು ಸಂಖ್ಯಾಶಾಸ್ತ್ರದ ಒಪ್ಪಿತ ವಿಧಾನದಿಂದ ಅಂದಾಜಿಸಿ, 132 ಮಂದಿಯನ್ನೂ ಸೇರಿಸಿ ಲೆಕ್ಕವನ್ನು ಮತ್ತೆ ಮಾಡುತ್ತಾರೆ. 0.4 ಇದ್ದ ವ್ಯತ್ಯಾಸ 0.37 ಆಗುತ್ತದೆ. ಉತ್ತರದಲ್ಲಿ ಎರಡೂ ಅಂಕಿಗಳನ್ನು ಪಕ್ಕಪಕ್ಕದಲ್ಲಿ ಕೊಡಬೇಕು. ‘ಲೆಕ್ಕ ಮತ್ತೆ ಮಾಡಿದೆವು, ತೀರ್ಮಾನ ಬದಲಾಗಲಿಲ್ಲ’ ಎಂದಷ್ಟೇ ಬರೆದರೆ ಓದುವವರು ಅದನ್ನು ನಂಬಲು ಆಧಾರವೇ ಇರುವುದಿಲ್ಲ.

ಫೆರಿಟಿನ್ ಮತ್ತು ಹಂಚಿಕೊಂಡ ತಿಂಡಿಯ ಪ್ರಶ್ನೆಗಳಿಗೆ ಪರಿಹಾರವಿಲ್ಲ. ರಕ್ತದ ಮಾದರಿಗಳನ್ನು ಉಳಿಸಿಟ್ಟಿಲ್ಲ, ಊಟದ ಮನೆಯಲ್ಲಿ ಯಾರೂ ಕಾವಲು ನಿಂತಿರಲಿಲ್ಲ. ಇಲ್ಲಿ ಆಗದು ಎನ್ನುವುದು ಪ್ರತಿವಾದವಲ್ಲ. ರಿವ್ಯೂವರ್ ಹೇಳಿದ್ದು ಸರಿ, ಕಾಲ ಮೀರಿದೆ ಅಷ್ಟೆ. ಆಗ ಮಾಡಬೇಕಾದದ್ದು ಪ್ರಬಂಧದ ‘ಮಿತಿಗಳು’ ಭಾಗದಲ್ಲಿ ಅದನ್ನು ಬರೆಯುವುದು. ಅದೂ ಫಲಿತಾಂಶವನ್ನು ಅದು ಯಾವ ದಿಕ್ಕಿಗೆ ಎಳೆಯಬಹುದು ಎಂಬುದನ್ನು ಸೇರಿಸಿ: ‘ಮಕ್ಕಳು ಮಿಶ್ರಣ ಹಂಚಿಕೊಂಡಿದ್ದರೆ ಎರಡು ಗುಂಪುಗಳ ನಡುವಿನ ವ್ಯತ್ಯಾಸ ನಿಜಕ್ಕಿಂತ ಕಡಿಮೆ ಕಂಡಿರಬಹುದು.’ ಈ ದಿಕ್ಕನ್ನು ಹೇಳದ ಮಿತಿ, ತಪ್ಪೊಪ್ಪಿಗೆಯ ಶಾಸ್ತ್ರ ಮುಗಿಸಿದಂತೆ ಕಾಣುತ್ತದೆ.

ಕೇಳಿದ ಲೆಕ್ಕದಲ್ಲಿ ಏನು ತಪ್ಪಿದೆ?

ಈಗ ಕೊನೆಯ ಟಿಪ್ಪಣಿ. ಅಧ್ಯಯನದ ಪವರ್ ಎಂದರೆ, ಇಂತಿಷ್ಟು ಪರಿಣಾಮ ನಿಜವಾಗಿಯೂ ಇದ್ದರೆ ಅದು ನಮ್ಮ ಅಧ್ಯಯನದಲ್ಲಿ ಪತ್ತೆಯಾಗುವ ಸಾಧ್ಯತೆ. ಇದು ಕೆಲಸ ಶುರುವಾಗುವ ಮೊದಲು ಕೇಳಬೇಕಾದ ಪ್ರಶ್ನೆ. ನಮ್ಮ ಲೇಖಕರು ಕೇಳಿಕೊಂಡಿದ್ದರು. ವೈದ್ಯಕೀಯವಾಗಿ ಗಣನೆಗೆ ಬರುವ ಏರಿಕೆ 0.75 ಗ್ರಾಂ ಎಂದಿಟ್ಟುಕೊಂಡು, ಅದು ನಿಜವಾಗಿದ್ದರೆ 80% ಸಾಧ್ಯತೆಯಿಂದ ಪತ್ತೆ ಹಚ್ಚಲು ಗುಂಪಿಗೆ 55 ಮಂದಿ ಬೇಕು ಎಂದು ಲೆಕ್ಕ ಹಾಕಿ, ಆರರಲ್ಲೊಬ್ಬರು ಬಿಟ್ಟುಹೋಗಬಹುದೆಂದು 66 ಮಂದಿಯನ್ನು ತೆಗೆದುಕೊಂಡಿದ್ದರು.

ರಿವ್ಯೂವರ್ ಕೇಳುತ್ತಿರುವುದು ಬೇರೆ. ಅಧ್ಯಯನದಲ್ಲಿ ಸಿಕ್ಕ 0.4 ಗ್ರಾಂ ವ್ಯತ್ಯಾಸವನ್ನೇ ನಿಜವಾದ ಪರಿಣಾಮ ಎಂದು ತೆಗೆದುಕೊಂಡು ಪವರ್ ಲೆಕ್ಕ ಹಾಕಿ ಎನ್ನುತ್ತಿದ್ದಾರೆ. ಪಂದ್ಯ ಮುಗಿದ ಮೇಲೆ ಸ್ಕೋರ್ ಕಾರ್ಡ್ ಹಿಡಿದುಕೊಂಡು, ಈ ತಂಡ ಗೆಲ್ಲುವ ಸಾಧ್ಯತೆ ಎಷ್ಟಿತ್ತೆಂದು ಭವಿಷ್ಯ ನುಡಿದಂತೆ ಇದು. ಆ ಉತ್ತರ ಸ್ಕೋರಿನೊಳಗೇ ಇರುತ್ತದೆ.

ಗಣಿತದಲ್ಲೂ ಹಾಗೆಯೇ. ಹೀಗೆ ಲೆಕ್ಕ ಹಾಕಿದ ಪವರ್ ಪಿ ಮೌಲ್ಯಕ್ಕೆ ಕಟ್ಟಿಬಿದ್ದಿರುತ್ತದೆ. ಪಿ ಮೌಲ್ಯ 0.05 ಬಂದರೆ ಪವರ್ ಸುಮಾರು 50%, 0.12 ಬಂದರೆ ಸುಮಾರು 34%, 0.3 ಬಂದರೆ ಸುಮಾರು 18%. ಅಧ್ಯಯನ ಹಿಮೋಗ್ಲೋಬಿನ್‌ನದಾಗಲಿ ಬತ್ತದ ಇಳುವರಿಯದಾಗಲಿ, ಇದೇ ಪಟ್ಟಿ. ಅಂದರೆ ಪರಿಣಾಮ ಸಾಬೀತಾಗದ ಯಾವ ಅಧ್ಯಯನಕ್ಕೆ ಈ ಲೆಕ್ಕ ಹಾಕಿದರೂ ಪವರ್ ಕಡಿಮೆಯೆಂದೇ ಬರುತ್ತದೆ. ಸಾವಿರಾರು ಜನರ ಮೇಲೆ ನಡೆದ ದೊಡ್ಡ ಅಧ್ಯಯನಕ್ಕೂ ಅಷ್ಟೆ. ಹೊಸ ಮಾಹಿತಿ ಏನೂ ಸಿಗುವುದಿಲ್ಲ, ಹಳೆಯ ಪಿ ಮೌಲ್ಯವೇ ಬೇರೆ ಹೆಸರಿನಲ್ಲಿ ಬಂದು ಕೂರುತ್ತದೆ. ಜಾನ್ ಹೋನಿಗ್ ಮತ್ತು ಡೆನ್ನಿಸ್ ಹೈಸಿ 2001ರಲ್ಲಿ ‘ದಿ ಅಮೆರಿಕನ್ ಸ್ಟಾಟಿಸ್ಟೀಶಿಯನ್’ ಪತ್ರಿಕೆಯಲ್ಲಿ ಇದನ್ನು ಬಿಡಿಸಿ ತೋರಿಸಿದರು. ಆದರೂ ಈ ಬೇಡಿಕೆ ರಿವ್ಯೂವರ್‌ಗಳಿಂದ ಇಂದಿಗೂ ಬರುತ್ತಲೇ ಇದೆ.

ಹಾಗಿದ್ದರೆ ರಿವ್ಯೂವರ್ ಹೇಳಿದ್ದೆಲ್ಲ ತಪ್ಪೇ? ಅಲ್ಲ. ಅವರ ಟಿಪ್ಪಣಿಯಲ್ಲಿ ಎರಡು ಭಾಗಗಳಿವೆ. ಮೊದಲನೆಯದು ಆತಂಕ: ಅಧ್ಯಯನ ಸಣ್ಣದಿದ್ದು, ಇದ್ದ ಪರಿಣಾಮ ಕಾಣದೆ ಹೋಗಿರಬಹುದು. ಎರಡನೆಯದು ಮದ್ದು: ಇಂಥ ಲೆಕ್ಕ ಸೇರಿಸಿ. ಮದ್ದು ತಪ್ಪು, ಆತಂಕ ಸರಿ. ‘ಪ್ರಯೋಜನವಿಲ್ಲ’ ಎಂದು ಲೇಖಕರು ಬರೆದದ್ದೇ ಆ ಆತಂಕಕ್ಕೆ ಕಾರಣ. ಬಹುತೇಕ ಒಳ್ಳೆಯ ಪ್ರತಿವಾದಗಳು ಈ ಎರಡನ್ನು ಬೇರ್ಪಡಿಸುವುದರಿಂದಲೇ ಶುರುವಾಗುತ್ತವೆ.

ಆತಂಕಕ್ಕೆ ಸರಿಯಾದ ಉತ್ತರ ಕೊಡುವುದು ಕಾನ್ಫಿಡೆನ್ಸ್ ಇಂಟರ್ವಲ್. ನಿಜವಾದ ಪರಿಣಾಮ ಎಷ್ಟರಿಂದ ಎಷ್ಟರವರೆಗೆ ಇದ್ದರೂ ನಮ್ಮ ದತ್ತಾಂಶಕ್ಕೆ ಹೊಂದುತ್ತದೆ ಎಂಬುದನ್ನು ಅದು ತೋರಿಸುತ್ತದೆ. ಇಲ್ಲಿ ಅದು −0.1 ಗ್ರಾಂನಿಂದ 0.9 ಗ್ರಾಂವರೆಗೆ ಇದೆ. ಸೊನ್ನೆಯೂ ಇದರೊಳಗಿದೆ, ಆದ್ದರಿಂದ ಪ್ರಯೋಜನ ಸಾಬೀತಾಗಿಲ್ಲ. ಆದರೆ ಲೇಖಕರೇ ಮುಖ್ಯವೆಂದು ಮೊದಲು ಗುರುತಿಸಿದ್ದ 0.75 ಕೂಡ ಇದರೊಳಗಿದೆ. ಹಾಗಿರುವಾಗ ‘ಪ್ರಯೋಜನವಿಲ್ಲ’ ಎನ್ನುವ ಹಕ್ಕು ಈ ಅಧ್ಯಯನಕ್ಕಿಲ್ಲ.

ಆ ಉತ್ತರದ ವಾಕ್ಯಗಳು

ಇಂಥ ಪತ್ರಗಳನ್ನು ಸಾಮಾನ್ಯವಾಗಿ ಬರೆಯುವುದು ಇಂಗ್ಲಿಷಿನಲ್ಲಿ. ಅದರ ಧಾಟಿ ಕನ್ನಡದಲ್ಲಿ ಹೀಗಿದ್ದೀತು:

‘ಉತ್ತರ 2.2: ಇದ್ದ ಪರಿಣಾಮ ನಮ್ಮ ಅಧ್ಯಯನದಲ್ಲಿ ಕಾಣದೆ ಹೋಗಿರಬಹುದು ಎಂಬ ರಿವ್ಯೂವರ್ ಅವರ ಮಾತನ್ನು ಒಪ್ಪುತ್ತೇವೆ. ನಮ್ಮ ಮೊದಲ ತೀರ್ಮಾನ ದತ್ತಾಂಶ ಹೇಳುವುದಕ್ಕಿಂತ ಗಟ್ಟಿಯಾಗಿತ್ತು. ಸಾರಾಂಶ ಮತ್ತು ಚರ್ಚೆಯಲ್ಲಿದ್ದ “ಪ್ರಯೋಜನವಿಲ್ಲ” ಎಂಬುದನ್ನು “ಈ ಅಧ್ಯಯನದಿಂದ ಪ್ರಯೋಜನ ಖಚಿತವಾಗಲಿಲ್ಲ, 0.9 ಗ್ರಾಂವರೆಗಿನ ಏರಿಕೆಯ ಸಾಧ್ಯತೆಯನ್ನು ತಳ್ಳಿಹಾಕಲಾಗದು” ಎಂದು ತಿದ್ದಿದ್ದೇವೆ. ಅಧ್ಯಯನಕ್ಕೆ ಮೊದಲು ಮಾಡಿದ್ದ ಗುಂಪಿನ ಗಾತ್ರದ ಲೆಕ್ಕವನ್ನೂ ಈಗ ಪೂರ್ಣವಾಗಿ ಕೊಟ್ಟಿದ್ದೇವೆ.

ಬಂದ ಫಲಿತಾಂಶದಿಂದ ಪವರ್ ಲೆಕ್ಕ ಹಾಕುವುದನ್ನು ಮಾತ್ರ ಪ್ರಬಂಧಕ್ಕೆ ಸೇರಿಸಿಲ್ಲ. ಆ ಸಂಖ್ಯೆ ಸುಮಾರು 34% ಆಗುತ್ತದೆ. ಅದು 0.12 ಎಂಬ ಪಿ ಮೌಲ್ಯದಿಂದಲೇ ಹುಟ್ಟುವ ಸಂಖ್ಯೆಯಾದ್ದರಿಂದ ಓದುಗರಿಗೆ ಹೆಚ್ಚಿನದೇನನ್ನೂ ತಿಳಿಸುವುದಿಲ್ಲ (ಹೋನಿಗ್ ಮತ್ತು ಹೈಸಿ, 2001). ರಿವ್ಯೂವರ್ ಎತ್ತಿರುವ ಅನಿಶ್ಚಿತತೆಯ ಪ್ರಶ್ನೆಗೆ ಕಾನ್ಫಿಡೆನ್ಸ್ ಇಂಟರ್ವಲ್ ನೇರ ಉತ್ತರ ಕೊಡುತ್ತದೆ ಎಂಬುದು ನಮ್ಮ ಅಭಿಪ್ರಾಯ.’

ಈ ಉತ್ತರದ ಕ್ರಮವನ್ನು ಗಮನಿಸಿ. ಒಪ್ಪಿದ್ದು ಮೊದಲು, ಅದಕ್ಕಾಗಿ ಪ್ರಬಂಧದಲ್ಲಿ ಆದ ನಿಜವಾದ ಬದಲಾವಣೆ ಆಮೇಲೆ, ನಿರಾಕರಣೆ ಕೊನೆಗೆ. ನಿರಾಕರಣೆಯನ್ನು ಮುಚ್ಚಿಟ್ಟಿಲ್ಲ, ‘ಸೇರಿಸಿಲ್ಲ’ ಎಂದು ಸ್ಪಷ್ಟವಾಗಿಯೇ ಹೇಳಿದೆ. ಕೇಳಿದ ಸಂಖ್ಯೆಯನ್ನು ಪತ್ರದಲ್ಲಿ ಕೊಟ್ಟಿರುವುದರಿಂದ, ಲೆಕ್ಕ ಹಾಕಲು ಸೋಮಾರಿತನ ಪಟ್ಟರು ಎಂದಾಗಲಿ, ಏನನ್ನೋ ಬಚ್ಚಿಡುತ್ತಿದ್ದಾರೆ ಎಂದಾಗಲಿ ಅನಿಸುವುದಿಲ್ಲ. ರಿವ್ಯೂವರ್‌ಗೆ ಸಂಖ್ಯಾಶಾಸ್ತ್ರ ಗೊತ್ತಿಲ್ಲ ಎಂಬ ಧ್ವನಿ ಎಲ್ಲೂ ಇಲ್ಲ, ಏಕೆಂದರೆ ವಾದ ನಡೆದಿರುವುದು ಆ ಸಂಖ್ಯೆಯ ಬಗ್ಗೆ.

ಇದೇ ಜಾಗದಲ್ಲಿ ಹಲವರು ಬರೆಯುವ ವಾಕ್ಯವೊಂದಿದೆ: ‘ಇದು ನಮ್ಮ ಅಧ್ಯಯನದ ವ್ಯಾಪ್ತಿಯ ಹೊರಗಿನದು.’ ಕೆಲವೊಮ್ಮೆ ಅದು ನಿಜವೇ ಆಗಿರುತ್ತದೆ. ಆದರೆ ಕಾರಣ ಹೇಳದೆ ಬರೆದಾಗ ಅದು ಬಾಗಿಲು ಮುಚ್ಚಿದಂತೆ ಕೇಳಿಸುತ್ತದೆ. ‘ಬೇರೆ ಪ್ರಬಂಧಗಳಲ್ಲೂ ಹೀಗೆ ಮಾಡಿಲ್ಲ’ ಎಂಬ ಸಮರ್ಥನೆಯೂ ನಿಲ್ಲುವುದಿಲ್ಲ, ಆ ಪ್ರಬಂಧಗಳು ಸರಿಯೇ ಎಂಬ ಪ್ರಶ್ನೆ ಹಾಗೆಯೇ ಉಳಿಯುತ್ತದೆ.

ಪ್ರತಿವಾದಕ್ಕೆ ಯಾವುದನ್ನು ಆರಿಸಬೇಕು ಎನ್ನುವುದೂ ಮುಖ್ಯ. ಕೇಳಿದ್ದನ್ನು ಮಾಡಿದರೆ ಪ್ರಬಂಧ ತಪ್ಪು ಹೇಳುತ್ತದೆ ಅಥವಾ ಓದುಗರ ದಾರಿ ತಪ್ಪಿಸುತ್ತದೆ ಎಂದಾದರೆ ಇಲ್ಲ ಎನ್ನಬೇಕು. ಅನಗತ್ಯ ಅನಿಸಿದರೂ ಹಾನಿಯಿಲ್ಲದ, ಒಂದು ದಿನದಲ್ಲಿ ಮುಗಿಯುವ ಕೆಲಸವಾದರೆ ಮಾಡಿಬಿಡುವುದೇ ಲೇಸು, ಬೇಕಿದ್ದರೆ ಅದನ್ನು ಪೂರಕ ಪುಟಗಳಲ್ಲಿ ಹಾಕಬಹುದು. ಹತ್ತು ಟಿಪ್ಪಣಿಗಳಲ್ಲಿ ಒಂದಕ್ಕೆ ಇಲ್ಲ ಎಂದವರನ್ನು ಸಂಪಾದಕರು ಗಮನವಿಟ್ಟು ಕೇಳುತ್ತಾರೆ. ಐದಕ್ಕೆ ಇಲ್ಲ ಎಂದವರು ತಿದ್ದಲು ಸಿದ್ಧರಿಲ್ಲ ಎಂದುಕೊಳ್ಳುತ್ತಾರೆ.

ತೀರ್ಪು ಕೊಡುವವರು ಯಾರು?

ಉತ್ತರದ ಒಕ್ಕಣೆ ರಿವ್ಯೂವರ್‌ನನ್ನು ಉದ್ದೇಶಿಸಿದ್ದರೂ ತೀರ್ಮಾನ ಸಂಪಾದಕರದು. ಅವರು ಆ ಸಣ್ಣ ಕ್ಷೇತ್ರದ ತಜ್ಞರೇ ಆಗಿರಬೇಕೆಂದಿಲ್ಲ. ಪ್ರಬಂಧವನ್ನು ಇನ್ನೊಮ್ಮೆ ಪೂರ್ತಿ ಓದದೆ ಪತ್ರವನ್ನಷ್ಟೇ ಓದಿ ಮುಂದಿನ ಹೆಜ್ಜೆ ನಿರ್ಧರಿಸುವುದೂ ಉಂಟು. ಆದ್ದರಿಂದ ಪ್ರತಿ ಉತ್ತರವೂ ತನ್ನ ಕಾಲ ಮೇಲೆ ನಿಲ್ಲಬೇಕು. ‘1.2ರ ಉತ್ತರ ನೋಡಿ’ ಎಂದು ಅಲೆಸದೆ, ಎರಡು ಸಾಲಿನಲ್ಲಾದರೂ ಆ ಮಾತನ್ನು ಮತ್ತೆ ಹೇಳಬೇಕು. ಇಬ್ಬರು ರಿವ್ಯೂವರ್‌ಗಳು ಒಬ್ಬರಿಗೊಬ್ಬರು ವಿರುದ್ಧವಾಗಿ ಕೇಳಿದಾಗ, ಒಬ್ಬರು ಚರ್ಚೆ ಮೊಟಕುಗೊಳಿಸಿ, ಇನ್ನೊಬ್ಬರು ಹಿಗ್ಗಿಸಿ ಎಂದಾಗ, ಆ ವಿರೋಧವನ್ನು ಪತ್ರದ ಆರಂಭದಲ್ಲೇ ಸಂಪಾದಕರ ಗಮನಕ್ಕೆ ತಂದು, ತಾವು ಯಾವುದನ್ನು ಏಕೆ ಆರಿಸಿದೆವು ಎಂದು ಹೇಳುವುದೇ ದಾರಿ.

ರಿವ್ಯೂವರ್ ಮತ್ತೊಮ್ಮೆ ಪಟ್ಟು ಹಿಡಿದರೆ? ಅದೇ ವಾದವನ್ನು ಇನ್ನಷ್ಟು ಜೋರಾಗಿ ಹೇಳಿ ಪ್ರಯೋಜನವಿಲ್ಲ. ಸಂಖ್ಯಾಶಾಸ್ತ್ರದ ತಜ್ಞರೊಬ್ಬರ ಅಭಿಪ್ರಾಯ ಪಡೆಯಬಹುದೇ ಎಂದು ಸಂಪಾದಕರನ್ನು ಕೋರಬಹುದು, ಹಲವು ವೈದ್ಯಕೀಯ ಜರ್ನಲ್‌ಗಳಲ್ಲಿ ಅಂಥವರು ಇರುತ್ತಾರೆ. ಅಲ್ಲಿಂದಾಚೆಗೆ ಸಂಪಾದಕರ ಮಾತೇ ಕೊನೆ. ವಾದ ಸರಿಯಿದ್ದೂ ಪ್ರಬಂಧ ತಿರಸ್ಕೃತವಾಗುವುದುಂಟು. ಆಗ ಬೇರೆ ಜರ್ನಲ್‌ಗೆ ಕಳುಹಿಸುವ ಮುನ್ನ, ಈ ಸುತ್ತಿನಲ್ಲಿ ಒಪ್ಪಿಕೊಂಡ ತಿದ್ದುಪಡಿಗಳನ್ನು ಪ್ರಬಂಧದಲ್ಲಿ ಉಳಿಸಿಕೊಳ್ಳುವುದು ಜಾಣತನ. ಹೊಸ ಜರ್ನಲ್‌ನಿಂದ ಅದೇ ರಿವ್ಯೂವರ್ ಕೈಗೆ ಅದು ಮತ್ತೆ ಹೋಗುವ ಸಂಭವ ಸಣ್ಣದೇನಲ್ಲ.

ಪತ್ರ ಕೆಡುವುದು ವಾದದಿಂದಲ್ಲದೆ ಅಚಾತುರ್ಯದಿಂದಲೂ ಹೌದು. ಮಾಮೂಲಿ ಎಡವಟ್ಟು ಸಾಲುಗಳ ಸಂಖ್ಯೆಯದು. ತಿದ್ದುಪಡಿಗಳು ಬಣ್ಣದಲ್ಲಿ ಕಾಣುವ ಪ್ರತಿಯಲ್ಲಿ, ಅಳಿಸಿದ ಸಾಲುಗಳೂ ಜಾಗ ಹಿಡಿಯುವುದರಿಂದ, 214ನೇ ಸಾಲಿನಲ್ಲಿರುವುದು ಶುದ್ಧ ಪ್ರತಿಯಲ್ಲಿ 198ರಲ್ಲಿ ಇರಬಹುದು. ಯಾವ ಪ್ರತಿಯ ಸಂಖ್ಯೆಯೆಂದು ಪತ್ರದ ಮೊದಲಲ್ಲೇ ಹೇಳಿ, ಸಂಖ್ಯೆಗಳನ್ನು ತುಂಬುವ ಕೆಲಸವನ್ನು ಎಲ್ಲ ತಿದ್ದುಪಡಿ ಮುಗಿದ ಮೇಲೆ ಇಟ್ಟುಕೊಳ್ಳಬೇಕು. ಇದಕ್ಕಿಂತ ಗಂಭೀರವಾದದ್ದು, ಪತ್ರದಲ್ಲಿ ‘ತಿದ್ದಿದ್ದೇವೆ’ ಎಂದಿದ್ದು ಪ್ರಬಂಧದಲ್ಲಿ ಹಳೆಯದೇ ಉಳಿದಿರುವುದು. ನಮ್ಮ ಉದಾಹರಣೆಯಲ್ಲಿ ‘ಪ್ರಯೋಜನವಿಲ್ಲ’ ಎಂಬುದು ಸಾರಾಂಶದಲ್ಲಿ ಹೋಗಿ, ಕೋಷ್ಟಕದ ಅಡಿಬರಹದಲ್ಲಿ ಉಳಿದುಬಿಟ್ಟರೆ, ಪ್ರತಿವಾದದ ಮೊದಲ ಅರ್ಧವೇ ಕುಸಿಯುತ್ತದೆ. ಯಾರೂ ಕೇಳದಿದ್ದರೂ ಲೇಖಕರು ತಾವಾಗಿ ಬದಲಿಸಿದ್ದು ಏನಾದರೂ ಇದ್ದರೆ, ಅದನ್ನೂ ಪತ್ರದ ಕೊನೆಯಲ್ಲಿ ಪಟ್ಟಿ ಮಾಡಬೇಕು. ಹೇಳದೆ ಬದಲಿಸಿದ ಒಂದು ಅಂಕಿ ಕಣ್ಣಿಗೆ ಬಿದ್ದರೆ ಉಳಿದೆಲ್ಲ ಅಂಕಿಗಳ ಮೇಲೂ ಸಂಶಯ ಬರುತ್ತದೆ.

ಬಹಳ ಕಾಲ ಈ ಪತ್ರಗಳು ಕಪಾಟಿನಲ್ಲೇ ಉಳಿಯುತ್ತಿದ್ದವು. ಈಗ ಆ ಪರಿಸ್ಥಿತಿ ಬದಲಾಗುತ್ತಿದೆ. ‘ಎಂಬೋ ಜರ್ನಲ್’ 2009ರಿಂದ, ‘ನೇಚರ್ ಕಮ್ಯುನಿಕೇಶನ್ಸ್’ 2016ರಿಂದ ರಿವ್ಯೂವರ್‌ಗಳ ಟಿಪ್ಪಣಿ ಮತ್ತು ಲೇಖಕರ ಉತ್ತರಗಳನ್ನು ಪ್ರಬಂಧದ ಜೊತೆಗೆ ಪ್ರಕಟಿಸತೊಡಗಿದವು. 2025ರ ಜೂನ್‌ನಲ್ಲಿ ‘ನೇಚರ್’ ಪತ್ರಿಕೆಯೂ ಹೊಸದಾಗಿ ಬರುವ ಸಂಶೋಧನಾ ಪ್ರಬಂಧಗಳಿಗೆ ಇದನ್ನೇ ನಿಯಮ ಮಾಡಿತು. ಮೊದಲ ಉತ್ತರ ಬರೆಯಲು ಕೂತವರು ತಮ್ಮ ಕ್ಷೇತ್ರದ ಇಂಥ ನಾಲ್ಕಾರು ಕಡತಗಳನ್ನು ತೆರೆದು, ಲೇಖಕರು ಇಲ್ಲ ಎಂದಿರುವ ಜಾಗಗಳನ್ನಷ್ಟೇ ಹುಡುಕಿ ಓದಬಹುದು. ಅಲ್ಲಿ ನೋಡಬೇಕಾದದ್ದು ಎರಡೇ ಸಂಗತಿ. ನಿರಾಕರಣೆಯ ಜೊತೆಗೆ ಪ್ರಬಂಧದಲ್ಲೂ ಏನಾದರೂ ಬದಲಾಯಿತೇ? ಮುಂದಿನ ಸುತ್ತಿನಲ್ಲಿ ಅದೇ ರಿವ್ಯೂವರ್ ಅದೇ ಮಾತನ್ನು ಮತ್ತೆ ಎತ್ತಿದರೇ, ಬಿಟ್ಟರೇ?